ಕೋಷ್ಟಕ ತುಂಬಿದ ವರದಿಯನ್ನು ಒಂದು ಹಾಳೆಗೆ ಇಳಿಸಿದ್ದು: ನನ್ನ ಅನುಭವ

ಇಷ್ಟು ಕೋಷ್ಟಕಗಳನ್ನು ಒಂದು ಹಾಳೆಯಲ್ಲಿ ಹಿಡಿಸುವುದು ಆಗದ ಮಾತು ಅಂತ ನಮ್ಮ ಓದಿನ ಗುಂಪಿನವರು ಅಂದಿದ್ದರು. ಈಗ ಅವರೇ ನನ್ನ ಹಾಳೆಯನ್ನು ಜೆರಾಕ್ಸ್ ಮಾಡಿಸುತ್ತಾರೆ.

ಕೈಗೆತ್ತಿಕೊಂಡಿದ್ದು 2022-23ರ ಮನೆವಾರು ಬಳಕೆ ವೆಚ್ಚ ಸಮೀಕ್ಷೆ. ಮೊದಲ ಸಲ ಪ್ರಿಂಟ್ ತೆಗೆಸಿ ಹೈಲೈಟರ್ ಹಿಡಿದು ಕೂತೆ. ಪ್ರಿಂಟಿಗೇ ಆರೇಳು ನೂರು ರೂಪಾಯಿ ಹೋಯಿತು, ಪುಟವೆಲ್ಲಾ ಹಳದಿಯಾಯಿತು. ಆಮೇಲೆ ಸುಮಾರು ಎರಡು ಸಾವಿರ ಕೊಟ್ಟು ಸಿದ್ಧ ನೋಟ್ಸ್ ಕೊಂಡೆ. ಅದರಲ್ಲಿ 'ಹಳ್ಳಿಗರ ಆದಾಯ ಎರಡೂವರೆ ಪಟ್ಟು ಏರಿದೆ' ಅಂತ ಇತ್ತು. ಹಾಗೇ ಬರೆದು ಮಾದರಿ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡೆ. ಆ ಒಂದು ಸಾಲಿನಲ್ಲಿ ಎರಡು ತಪ್ಪಿದ್ದವು.

ಅವತ್ತಿನಿಂದ ಕ್ರಮ ಬದಲಿಸಿದೆ. ಹಾಳೆಯಲ್ಲಿ ಮೂರು ಕಾಲಂ: ಸಂಖ್ಯೆ, ಅದು ಎತ್ತಿ ಹಿಡಿಯುವ ಮಾತು, ಅದು ಹೊರಲಾರದ ಮಾತು. ಮೂರನೆಯದು ಖಾಲಿ ಉಳಿದರೆ ಆ ಸಂಖ್ಯೆ ನನಗಿನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ.

ಹಳ್ಳಿಯಲ್ಲಿ ತಲಾ ತಿಂಗಳ ಖರ್ಚು 2011-12ರಲ್ಲಿ ಸುಮಾರು 1,430 ರೂಪಾಯಿ ಇತ್ತು, 2022-23ರಲ್ಲಿ 3,773 ಆಯಿತು. ಎರಡೂವರೆ ಪಟ್ಟಿಗಿಂತ ಜಾಸ್ತಿಯೇ. ಆದರೆ ಅದರಲ್ಲಿ ಬೆಲೆ ಏರಿಕೆಯೂ ಸೇರಿದೆ. 2011-12ರ ಬೆಲೆಗೆ ಇಳಿಸಿದರೆ 2,008 ಅಷ್ಟೇ. ಹನ್ನೊಂದು ವರ್ಷಕ್ಕೆ ಶೇ 40, ಅಂದರೆ ವರ್ಷಕ್ಕೆ ಶೇ 3ರ ಆಸುಪಾಸು. ಇನ್ನೊಂದು ತಪ್ಪು, ಇದು ಖರ್ಚಿನ ಸಮೀಕ್ಷೆ. ಉಳಿಸಿದ ಹಣ ಇದರಲ್ಲಿ ಕಾಣುವುದಿಲ್ಲ, ಸಾಲ ಮಾಡಿ ಕೊಂಡಿದ್ದೂ ಖರ್ಚೇ. ಹಾಗಾಗಿ ಮೂರನೇ ಕಾಲಂನಲ್ಲಿ 'ಆದಾಯ' ಅಂತ ಬರೆದೆ.

ಹೆಚ್ಚು ಹೊತ್ತು ಹಿಡಿದದ್ದು ಹಳ್ಳಿ-ಪಟ್ಟಣದ ಅಂತರ. ಆಯಾ ವರ್ಷದ ಬೆಲೆಯಲ್ಲಿ ನೋಡಿದರೆ ಪಟ್ಟಣದವರ ಖರ್ಚು 2011-12ರಲ್ಲಿ ಹಳ್ಳಿಯವರಿಗಿಂತ ಶೇ 84ರಷ್ಟು ಜಾಸ್ತಿ ಇತ್ತು, 2022-23ರಲ್ಲಿ ಅದು ಶೇ 71ಕ್ಕೆ ಇಳಿಯಿತು. ಅಂತರ ಕುಗ್ಗಿತು ಅಂತ ಬರೆದು ಮುಗಿಸುತ್ತಿದ್ದೆ. ಯಾಕೋ ಒಮ್ಮೆ ಕಳೆದು ನೋಡಿದೆ. ಹಳೆಯ ಬೆಲೆಯಲ್ಲೇ ಪಟ್ಟಣದ ಖರ್ಚು 2,630ರಿಂದ 3,510ಕ್ಕೆ ಏರಿದೆ. ಅಂದರೆ ರೂಪಾಯಿ ಲೆಕ್ಕದ ಅಂತರ 1,200 ಇದ್ದದ್ದು 1,500 ಆಗಿದೆ! ಅನುಪಾತ ಕುಗ್ಗಿದೆ, ರೂಪಾಯಿ ಅಂತರ ಹಿಗ್ಗಿದೆ. ಎರಡೂ ನಿಜ. ಕೊಂಡ ನೋಟ್ಸಿನಲ್ಲಿ ಇದು ಇರಲೇ ಇಲ್ಲ, ನಾನೇ ಕಂಡುಕೊಂಡದ್ದು.

ನಡುವೆ ಎಲ್ಲವನ್ನೂ ಗ್ರಾಫ್ ಮಾಡಲು ಹೋಗಿ ಎರಡು ದಿನ ಕಳೆದೆ. ಎರಡೇ ವರ್ಷದ ಅಂಕಿಗೆ ಗೆರೆ ಎಳೆದರೆ ನಡುವಿನ ವರ್ಷಗಳಲ್ಲೂ ಸಮನಾಗಿ ಏರಿತು ಅನ್ನಿಸುತ್ತದೆ. ಹಾಗಾಗಿ ಬಿಟ್ಟೆ.

ಹಳ್ಳಿಯಲ್ಲಿ ಆಹಾರದ ಪಾಲು ಶೇ 53ರಿಂದ 46ಕ್ಕೆ ಬಂದಿದೆ. ಇಲ್ಲಿ ಹೊರಲಾರದ ಮಾತು 'ಊಟಕ್ಕೆ ಖರ್ಚು ಕಡಿಮೆ ಮಾಡಿದರು' ಅನ್ನುವುದು. ಇಳಿದದ್ದು ಪಾಲು ಮಾತ್ರ.

ಯಾವ ಕೋಷ್ಟಕವನ್ನು ಮೊದಲು ಬಿಡಬೇಕು ಅಂತ ಗುರುತಿಸಲು ನನ್ನದೊಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಈ ವಾರ 2023-24ರ ವರದಿ ಹಿಡಿದಿದ್ದೇನೆ, ಮೂರನೇ ಕಾಲಂ ಆಗಲೇ ಅರ್ಧ ತುಂಬಿದೆ.