"ಅಥವಾ" ಎಂಬ ಪದವನ್ನೇ ಸಂಶಯಿಸಿದವರು: ಪ್ರಿಬಂಕಿಂಗ್ ಪರೀಕ್ಷಿಸಿದ ನನ್ನ ಅನುಭವ

ಸುಳ್ಳು ಎದುರಾಗುವ ಮೊದಲೇ ಅದರ ಬಗ್ಗೆ ಜನರನ್ನು ಎಚ್ಚರಿಸಿ ಸಜ್ಜುಗೊಳಿಸುವುದೇ ಪ್ರಿಬಂಕಿಂಗ್. ಹಾಗೆ ಮಾಡುವ ತೊಂಬತ್ತು ಸೆಕೆಂಡಿನ ಒಂದು ವಿಡಿಯೊ ಜನರನ್ನು ಮೋಸದ ಮಾತಿನಿಂದ ಕಾಪಾಡಬಲ್ಲದೇ ಎಂದು ಪರೀಕ್ಷಿಸಲು ಹೊರಟಿದ್ದೆ. ಮೊದಲ ಸುತ್ತಿನ ಫಲಿತಾಂಶ ಬಂದ ದಿನ ವಿಡಿಯೊ ಗೆದ್ದಿತು ಎಂದೇ ನಂಬಿದೆ. ಅದು ಗೆದ್ದಿರಲಿಲ್ಲ ಎಂದು ತಿಳಿಯಲು ಇನ್ನೊಂದು ಸುತ್ತು ಬೇಕಾಯಿತು.

ಇದರ ಹಿಂದಿರುವ ಲಸಿಕೆ ಸಿದ್ಧಾಂತ ಹಳೆಯದು. 1960ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ವಿಲಿಯಂ ಮೆಕ್‌ಗೈರ್, ಯಾರೂ ಪ್ರಶ್ನಿಸದ ನಂಬಿಕೆಗಳನ್ನು ಪರೀಕ್ಷೆಗೆ ಆರಿಸಿಕೊಂಡರು. ಪ್ರತಿ ಊಟದ ನಂತರ ಹಲ್ಲುಜ್ಜಬೇಕು ಎಂಬುದು ಅವುಗಳಲ್ಲೊಂದು. ಯಾವತ್ತೂ ದಾಳಿಗೆ ಒಳಗಾಗದ ಇಂಥ ನಂಬಿಕೆ, ಮೊದಲ ಬಲವಾದ ವಾದಕ್ಕೇ ಅಲುಗಾಡುತ್ತದೆ. ಆ ನಂಬಿಕೆಯನ್ನು ಸಮರ್ಥಿಸುವ ಮಾತುಗಳನ್ನು ಮೊದಲೇ ಓದಿಸಿದರೆ ಹೆಚ್ಚು ಪ್ರಯೋಜನವಾಗಲಿಲ್ಲ. ಬರಲಿರುವ ವಿರೋಧ ವಾದದ ದುರ್ಬಲ ರೂಪವನ್ನು ತೋರಿಸಿ, ಜೊತೆಗೇ ಅದರ ಖಂಡನೆಯನ್ನೂ ಕೊಟ್ಟಾಗ ನಂಬಿಕೆ ಹೆಚ್ಚು ಗಟ್ಟಿಯಾಗಿ ನಿಂತಿತು. ಮೊದಲು ಎಚ್ಚರಿಕೆ, ಆಮೇಲೆ ಖಂಡನೆಯೊಡನೆ ಸಣ್ಣ ಪ್ರಮಾಣದ ವಿಷ: ಇಂದು ಪ್ರಿಬಂಕಿಂಗ್ ಎಂದು ಕರೆಯುವ ಕೆಲಸದ ತಿರುಳು ಇದೇ. ಸ್ಯಾಂಡರ್ ವ್ಯಾನ್ ಡರ್ ಲಿಂಡೆನ್, ಯಾನ್ ರೋಜನ್‌ಬೀಕ್ ಮತ್ತು ಅವರ ಸಂಗಾತಿಗಳು ಇದನ್ನು ಆಟಗಳಿಗೂ ಕಿರು ವಿಡಿಯೊಗಳಿಗೂ ಒಗ್ಗಿಸಿದರು. ಒಂದೊಂದು ಸುಳ್ಳನ್ನು ಬೆನ್ನಟ್ಟುವುದಕ್ಕಿಂತ, ಹಲವು ಸುಳ್ಳುಗಳ ಹಿಂದಿರುವ ತಂತ್ರವನ್ನು ಕಲಿಸಿದರೆ ರಕ್ಷಣೆ ಹೆಚ್ಚು ದೂರ ಹರಡುತ್ತದೆ ಎಂಬುದು ಈ ಹೊಸ ಕೆಲಸದ ನಂಬಿಕೆ. 2022ರಲ್ಲಿ ಪ್ರಕಟವಾದ ಅವರ ವಿಡಿಯೊ ಅಧ್ಯಯನ ಇಂಥ ಐದು ತಂತ್ರಗಳನ್ನು ಎತ್ತಿಕೊಂಡಿತ್ತು. ಅವುಗಳಲ್ಲಿ ಒಂದನ್ನು ಮಾತ್ರ ನಾನು ಆರಿಸಿಕೊಂಡೆ. ಅದು ಹುಸಿ ಆಯ್ಕೆ: ಹಲವು ದಾರಿಗಳಿರುವಲ್ಲಿ ಎರಡೇ ಇವೆ ಎಂದು ನಂಬಿಸುವುದು.

ವಿಡಿಯೊದಲ್ಲಿ ಮೊದಲು ಎಚ್ಚರಿಕೆ ಕೊಟ್ಟೆ. "ನಿಮ್ಮನ್ನು ಒಂದು ಮೂಲೆಗೆ ತಳ್ಳಲು ಕೆಲವರು ಈ ತಂತ್ರ ಬಳಸುತ್ತಾರೆ, ನೀವೂ ಇದಕ್ಕೆ ಸಿಲುಕಬಹುದು." ನಂತರ ಯಾರ ರಾಜಕೀಯಕ್ಕೂ ಸಂಬಂಧವಿಲ್ಲದ ಎರಡು ಉದಾಹರಣೆಗಳು, ಅವುಗಳಲ್ಲಿ ಅಡಗಿರುವ ಮೂರನೆಯ ದಾರಿಯ ವಿವರಣೆ. ಹೋಲಿಕೆ ಗುಂಪು ಅಷ್ಟೇ ಉದ್ದದ, ಅದೇ ಧ್ವನಿಯ, ಬೀಜ ಮೊಳೆಯುವ ಬಗೆಯನ್ನು ತಿಳಿಸುವ ವಿಡಿಯೊ ನೋಡಿತು. ಹೋಲಿಕೆ ಗುಂಪಿಗೆ ಏನನ್ನೂ ತೋರಿಸದಿದ್ದರೆ, ಬಂದ ವ್ಯತ್ಯಾಸ ವಿಡಿಯೊದ ವಿಷಯದಿಂದ ಬಂದದ್ದೋ, ಕುಳಿತು ಗಮನವಿಟ್ಟು ಏನನ್ನೋ ನೋಡಿದ್ದರಿಂದ ಬಂದದ್ದೋ ಹೇಳಲಾಗುವುದಿಲ್ಲ. ಯಾರಿಗೆ ಯಾವ ವಿಡಿಯೊ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸಿತು.

ಆಮೇಲೆ ಎಲ್ಲರೂ ಇಪ್ಪತ್ತು ಕಿರು ಸಂದೇಶಗಳನ್ನು ಓದಿ, ಪ್ರತಿಯೊಂದರಲ್ಲೂ ಹುಸಿ ಆಯ್ಕೆಯ ತಂತ್ರ ಇದೆಯೋ ಇಲ್ಲವೋ ಗುರುತಿಸಬೇಕಿತ್ತು. ನನ್ನ ತಪ್ಪು ನಡೆದದ್ದು ಇಲ್ಲಿಯೇ. ಇಪ್ಪತ್ತರಲ್ಲಿ ಹದಿನಾರು ಸಂದೇಶಗಳು ಹುಸಿ ಆಯ್ಕೆಯವು. ಬರೀ ಜಾಗ ತುಂಬಲೆಂದು ಸೇರಿಸಿದ ಸರಳ ಸಂದೇಶಗಳು ನಾಲ್ಕು. ವಿಡಿಯೊ ನೋಡಿದವರು ತಂತ್ರದ ಸಂದೇಶಗಳನ್ನು ಸ್ಪಷ್ಟವಾಗಿ ಹೆಚ್ಚು ಹಿಡಿದರು. ಆ ನಾಲ್ಕನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವರದಿ ಬರೆಯುವಾಗ ಒಮ್ಮೆ ಅವುಗಳ ಕಡೆ ಕಣ್ಣು ಹಾಯಿಸಿದೆ. ವಿಡಿಯೊ ಗುಂಪಿನಲ್ಲಿ ಅವುಗಳ ಮೇಲೂ ಅನುಮಾನ ಏರಿತ್ತು. ನಾಲ್ಕು ಸಂದೇಶಗಳಿಂದ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ, ಆದರೆ ವರದಿಯನ್ನು ಅಲ್ಲಿಗೇ ನಿಲ್ಲಿಸಿದೆ.

ಎರಡನೆಯ ಸುತ್ತಿಗೆ ಮೂವತ್ತೆರಡು ವಿಷಯಗಳನ್ನು ಆರಿಸಿ, ಒಂದೊಂದರ ಮೇಲೂ ಜೋಡಿ ಸಂದೇಶ ಬರೆದೆ. "ಈ ಹೊಸ ಪಠ್ಯಕ್ರಮವನ್ನು ಒಪ್ಪಿಕೊಳ್ಳಿ, ಇಲ್ಲವಾದರೆ ಮಕ್ಕಳು ಅವಿದ್ಯಾವಂತರಾಗುವುದನ್ನು ನೋಡುತ್ತಾ ಕೂರಿ" ಎಂಬುದು ತಂತ್ರದ ರೂಪ. "ಹೊಸ ಪಠ್ಯಕ್ರಮದಲ್ಲಿ ಗಣಿತಕ್ಕೆ ಹೆಚ್ಚು ಅವಧಿಗಳಿವೆ, ಹಳೆಯದನ್ನೇ ತಿದ್ದಿ ಉಳಿಸಿಕೊಳ್ಳುವ ಪ್ರಸ್ತಾವವೂ ಇದೆ" ಎಂಬುದು ಸರಳ ರೂಪ. ಪ್ರತಿಯೊಬ್ಬರೂ ಒಂದು ಜೋಡಿಯಲ್ಲಿ ಒಂದನ್ನು ಮಾತ್ರ ನೋಡುತ್ತಾರೆ. ಒಟ್ಟು ಹದಿನಾರು ತಂತ್ರದವು, ಹದಿನಾರು ಸರಳವಾದವು. ಉದ್ದ, ಆಶ್ಚರ್ಯಸೂಚಕ ಚಿಹ್ನೆ, ಕೋಪದ ಪದಗಳು ಎರಡು ರೂಪಗಳಲ್ಲೂ ಸಮವಾಗಿರುವಂತೆ ತಿದ್ದಲು ಒಂದು ವಾರ ಹಿಡಿಯಿತು. ಸಂದೇಶ ಬರೆಯುವ ಕೆಲಸವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಪ್ರಯೋಗದ ಅರ್ಧ ಬೆಲೆ ಅಲ್ಲಿಯೇ ಇದೆ.

ಈ ಬಾರಿ ಚಿತ್ರ ಸ್ಪಷ್ಟವಾಯಿತು. ಎರಡೂ ಗುಂಪುಗಳಿಂದ ಒಂದೊಂದು ಮಾದರಿ ಉತ್ತರ ಪತ್ರಿಕೆ ನೋಡೋಣ. ಬೀಜದ ವಿಡಿಯೊ ನೋಡಿದವರೊಬ್ಬರು 16 ತಂತ್ರದ ಸಂದೇಶಗಳಲ್ಲಿ 12ನ್ನು ಹಿಡಿದರು. 16 ಸರಳ ಸಂದೇಶಗಳಲ್ಲಿ 4ನ್ನು ತಪ್ಪಾಗಿ ಶಂಕಿಸಿದರು. ಹುಸಿ ಆಯ್ಕೆಯ ವಿಡಿಯೊ ನೋಡಿದವರೊಬ್ಬರು 14 ಹಿಡಿದರು, ಆದರೆ 7 ಸರಳ ಸಂದೇಶಗಳನ್ನೂ ಶಂಕಿಸಿದರು. 12ರ ಎದುರು 14 ಎಂಬುದನ್ನಷ್ಟೇ ನೋಡಿದರೆ ಗೆಲುವು. ಸಂಕೇತ ಪತ್ತೆ ಸಿದ್ಧಾಂತದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅದು ಉತ್ತರಗಳನ್ನು ಎರಡಾಗಿ ಒಡೆಯುತ್ತದೆ: ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವ ಶಕ್ತಿ d′, ಮತ್ತು ಅನುಮಾನ ಪಡಲು ಬೇಕಾದ ಹೊಸ್ತಿಲು c. R ಭಾಷೆಯಲ್ಲಿ ಇಷ್ಟೇ:

```r
qnorm(12/16) - qnorm(4/16)         # d' = 1.35
-(qnorm(12/16) + qnorm(4/16)) / 2  # c  = 0

qnorm(14/16) - qnorm(7/16)         # d' = 1.31
-(qnorm(14/16) + qnorm(7/16)) / 2  # c  = -0.50
```

ಬೇರ್ಪಡಿಸುವ ಶಕ್ತಿ ಇದ್ದಲ್ಲೇ ಇದೆ. ಹೊಸ್ತಿಲು ಮಾತ್ರ ತಗ್ಗಿದೆ. ಆ ವ್ಯಕ್ತಿ ಎಲ್ಲದರ ಮೇಲೂ ಹೆಚ್ಚು ಅನುಮಾನ ಪಡುತ್ತಿದ್ದಾರೆ, ಅಷ್ಟೇ. (ಯಾರಾದರೂ ಹದಿನಾರಕ್ಕೆ ಹದಿನಾರೂ ಹಿಡಿದರೆ ಲೆಕ್ಕ ಅನಂತಕ್ಕೆ ಹೋಗುತ್ತದೆ, ಆಗ ಎಲ್ಲರ ಎಣಿಕೆಗೂ ಅರ್ಧ, ಒಟ್ಟು ಸಂಖ್ಯೆಗೆ ಒಂದು ಸೇರಿಸಿ ಭಾಗಿಸಬೇಕು.) 2023ರಲ್ಲಿ ಮೋದಿರೂಸ್ತಾ-ಗಾಲಿಯನ್ ಮತ್ತು ಹೈಯಮ್, ಆಟಗಳ ಮೂಲಕ ನಡೆದ ಹಿಂದಿನ ಪ್ರಿಬಂಕಿಂಗ್ ಪ್ರಯೋಗಗಳ ದತ್ತಾಂಶವನ್ನು ಹೀಗೆಯೇ ಮರು ವಿಶ್ಲೇಷಿಸಿ, ಬಹುಪಾಲು ಬದಲಾದದ್ದು ಉತ್ತರಿಸುವ ಒಲವೇ ಎಂದು ತೋರಿಸಿದ್ದರು. ಅದನ್ನು ಓದಿದ್ದರೂ, ನನ್ನದೇ ದತ್ತಾಂಶದಲ್ಲಿ ಕಾಣುವವರೆಗೆ ಅದರ ತೂಕ ನನಗೆ ತಟ್ಟಿರಲಿಲ್ಲ.

ಸ್ವಲ್ಪ ಹೆಚ್ಚು ಅನುಮಾನದಿಂದ ನಷ್ಟವೇನು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರಯೋಗದಲ್ಲಿ ಅರ್ಧ ಸಂದೇಶಗಳು ಕೆಟ್ಟವು. ಜನರು ದಿನವೂ ಓದುವುದರಲ್ಲಿ ಹಾಗಿರುವುದಿಲ್ಲ. ನೂರರಲ್ಲಿ ಐದು ಮಾತ್ರ ಕೆಟ್ಟವು ಎಂದುಕೊಳ್ಳಿ. ಮೇಲಿನ ಅನುಪಾತಗಳ ಪ್ರಕಾರ, ವಿಡಿಯೊದಿಂದ ಹೆಚ್ಚುವರಿಯಾಗಿ ಹಿಡಿಯುವ ಕೆಟ್ಟ ಸಂದೇಶ ಒಂದಕ್ಕೂ ಕಡಿಮೆ. ಹೊಸದಾಗಿ ಅನುಮಾನಕ್ಕೆ ಗುರಿಯಾಗುವ ಒಳ್ಳೆಯ ಸಂದೇಶಗಳು ಸುಮಾರು ಹದಿನೆಂಟು. ಇದನ್ನು ರಕ್ಷಣೆ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಜನರು ಏನನ್ನು ಕಲಿತಿದ್ದರು? ತಪ್ಪಾಗಿ ಶಂಕಿತವಾದ ಸರಳ ಸಂದೇಶಗಳನ್ನು ಒಂದೆಡೆ ಜೋಡಿಸಿ ಓದಿದೆ. ಅತಿ ಹೆಚ್ಚು ಶಂಕೆಗೆ ಒಳಗಾದದ್ದು ಇದು: "ಈ ಎರಡು ಔಷಧಿಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳಿ, ಇಲ್ಲವಾದರೆ ಅಪಾಯ." ಅದರ ನಂತರದ್ದು, ಅರ್ಜಿಯನ್ನು ಆನ್‌ಲೈನ್‌ನಲ್ಲಿ ಅಥವಾ ಅಂಚೆಯಲ್ಲಿ ಕಳಿಸಬೇಕು ಎಂಬ ಪ್ರಕಟಣೆ. "ಅಥವಾ", "ಇಲ್ಲವಾದರೆ" ಎಂಬ ಪದಗಳಿಲ್ಲದ ಸರಳ ಸಂದೇಶಗಳಿಗೆ ಏನೂ ಆಗಿರಲಿಲ್ಲ. ತಂತ್ರವನ್ನು ಗುರುತಿಸುವುದನ್ನು ಕಲಿಸಿದೆ ಎಂದುಕೊಂಡಿದ್ದೆ. ನಾನು ಕಲಿಸಿದ್ದು ಎರಡು ಪದಗಳನ್ನು ಹುಡುಕುವುದನ್ನು. ತಪ್ಪು ಅವರದಲ್ಲ. ವಿಡಿಯೊದಲ್ಲಿದ್ದ ಎರಡೂ ಉದಾಹರಣೆಗಳು ಮೋಸದವೇ ಆಗಿದ್ದವು. ನಿಜವಾಗಿಯೂ ಎರಡೇ ದಾರಿಗಳಿರುವ ಪ್ರಾಮಾಣಿಕ ಮಾತು ಹೇಗಿರುತ್ತದೆ ಎಂದು ನಾನು ಎಲ್ಲಿಯೂ ತೋರಿಸಿರಲಿಲ್ಲ.

ವಿಡಿಯೊವನ್ನು ತಿದ್ದಿದೆ. ಎರಡನೆಯ ಮೋಸದ ಉದಾಹರಣೆಯನ್ನು ಕಿತ್ತು ಅದರ ಜಾಗದಲ್ಲಿ ಆ ಔಷಧಿಯ ಮಾತಿನಂಥದ್ದೇ ಒಂದು ಪ್ರಾಮಾಣಿಕ ಎಚ್ಚರಿಕೆಯನ್ನು ಇಟ್ಟೆ. ಎರಡನ್ನೂ ಪಕ್ಕಪಕ್ಕ ತೋರಿಸಿ, ಒಂದು ಪ್ರಶ್ನೆಯನ್ನು ಕೈಗೆ ಕೊಟ್ಟೆ: "ಇಲ್ಲಿ ಮೂರನೆಯ ದಾರಿ ನಿಜವಾಗಿಯೂ ಇದೆಯೇ? ಇದ್ದರೆ ಅದನ್ನು ಮರೆಮಾಡಲಾಗಿದೆಯೇ?" ಪರೀಕ್ಷೆಯ ಸರಳ ಸಂದೇಶಗಳಲ್ಲಿ ಅರ್ಧದಷ್ಟು ಈಗ ಉದ್ದೇಶಪೂರ್ವಕವಾಗಿ "ಅಥವಾ" ಉಳ್ಳವು, ತಂತ್ರದ ಸಂದೇಶಗಳಲ್ಲಿ ಅರ್ಧ ಆ ಪದಗಳೇ ಇಲ್ಲದವು.

ಮೂರನೆಯ ಸುತ್ತಿನಲ್ಲಿ ಮೂರು ಗುಂಪುಗಳು: ಬೀಜದ ವಿಡಿಯೊ, ಹಳೆಯ ವಿಡಿಯೊ, ತಿದ್ದಿದ ವಿಡಿಯೊ. ಗುಂಪಿಗೆ ಮುನ್ನೂರು ಜನ. d′ನಲ್ಲಿ 0.2ಕ್ಕಿಂತ ಸಣ್ಣ ವ್ಯತ್ಯಾಸ ಬಂದರೆ ವಿಡಿಯೊ ಹಂಚುವ ಶ್ರಮ ತಕ್ಕುದಲ್ಲ ಎಂದು ಮೊದಲೇ ಬರೆದಿಟ್ಟು, ಅಷ್ಟನ್ನು ಕಾಣಬಲ್ಲ ಸಂಖ್ಯೆಯನ್ನು ಕಂಪ್ಯೂಟರ್‌ನಲ್ಲಿ ಹುಸಿ ದತ್ತಾಂಶ ಸೃಷ್ಟಿಸಿ ಕಂಡುಕೊಂಡಿದ್ದೆ. ಗೆಲುವು ಎಂದರೆ ಏನು ಎಂಬುದನ್ನೂ ಯೋಜನೆಯಲ್ಲಿ ಮೊದಲೇ ನೋಂದಾಯಿಸಿದ್ದೆ. ವಿಶ್ಲೇಷಣೆಯ ಮಾದರಿ ಹೀಗಿತ್ತು:

```r
glmer(shanke ~ gumpu * bage +
        (1 + bage | vyakti) + (1 + gumpu * bage | vishaya),
      family = binomial("probit"), data = d)
```

ಇಲ್ಲಿ ಬಗೆಗೆ, ಅಂದರೆ ತಂತ್ರದ ಸಂದೇಶಕ್ಕೆ +0.5 ಮತ್ತು ಸರಳ ಸಂದೇಶಕ್ಕೆ −0.5 ಎಂಬ ಸಂಕೇತ ಕೊಟ್ಟರೆ, ಗುಂಪಿನ ಗುಣಾಂಕ ಹೊಸ್ತಿಲಿನ ಬದಲಾವಣೆಯನ್ನು ತಿರುಗಿದ ಚಿಹ್ನೆಯಲ್ಲೂ, ಗುಂಪು ಮತ್ತು ಬಗೆಯ ಗುಣಲಬ್ಧದ ಗುಣಾಂಕ ಬೇರ್ಪಡಿಸುವ ಶಕ್ತಿಯ ಬದಲಾವಣೆಯನ್ನೂ ಹೇಳುತ್ತವೆ. ಕೊನೆಯ ಆವರಣವನ್ನು ಬಿಡಬಾರದು. ಅದನ್ನು ಬಿಟ್ಟರೆ, ಮೂರ್ನಾಲ್ಕು ಸುಲಭದ ಸಂದೇಶಗಳಲ್ಲಿ ಮಾತ್ರ ಕಂಡ ಪರಿಣಾಮ ಇಡೀ ತಂತ್ರಕ್ಕೇ ಅನ್ವಯಿಸುವಂತೆ ತೋರುತ್ತದೆ.

ಹಳೆಯ ವಿಡಿಯೊ ಮತ್ತೆ ಹೊಸ್ತಿಲನ್ನಷ್ಟೇ ತಗ್ಗಿಸಿತು. ತಿದ್ದಿದ ವಿಡಿಯೊ ಬೇರ್ಪಡಿಸುವ ಶಕ್ತಿಯನ್ನು ನಾನು ಬರೆದಿಟ್ಟ ಗೆರೆಗಿಂತ ಮೇಲಕ್ಕೆ ಒಯ್ದಿತು. ಆದರೆ ತಂತ್ರದ ಸಂದೇಶಗಳನ್ನು ಹಿಡಿದ ಎಣಿಕೆಯಲ್ಲಿ ಅದು ಹಳೆಯದಕ್ಕಿಂತ ಕೆಳಗಿತ್ತು. ನನ್ನ ಮೊದಲ ಅಳತೆಗೋಲನ್ನೇ ಇಟ್ಟುಕೊಂಡಿದ್ದರೆ ಒಳ್ಳೆಯ ವಿಡಿಯೊವನ್ನು ಎಸೆದು ಕೆಟ್ಟದ್ದನ್ನು ಹಂಚುತ್ತಿದ್ದೆ.

ಇನ್ನು ಉಳಿದದ್ದು ಬಾಳಿಕೆ. ಪರಿಣಾಮ ಕಾಲಕ್ರಮದಲ್ಲಿ ಸವೆಯುತ್ತದೆ. ನಡುನಡುವೆ ಪರೀಕ್ಷೆ ನಡೆಸಿದರೆ ಆ ಪರೀಕ್ಷೆಯೇ ನೆನಪನ್ನು ಚುರುಕುಗೊಳಿಸುತ್ತದೆ ಎಂದು ರಾಕೂನ್ ಮಾರ್ಟೆನ್ಸ್ ಮತ್ತು ಸಂಗಡಿಗರ 2021ರ ಅಧ್ಯಯನ ತೋರಿಸಿತ್ತು. ಆದ್ದರಿಂದ ಪ್ರತಿ ಗುಂಪಿನ ಅರ್ಧ ಜನರಿಗೆ ವಿಡಿಯೊ ಮುಗಿದ ಕೂಡಲೇ ಪರೀಕ್ಷೆ ಕೊಡದೆ, ಮೂರು ವಾರಗಳ ನಂತರವೇ ಮೊದಲ ಬಾರಿ ಕೊಟ್ಟೆ. ಅವರಲ್ಲಿ ತಿದ್ದಿದ ವಿಡಿಯೊದ ಲಾಭ ಕುಗ್ಗಿತ್ತು. ಎರಡೂ ಬಾರಿ ಪರೀಕ್ಷೆ ಬರೆದವರಲ್ಲಿ ಹೆಚ್ಚು ಉಳಿದಿತ್ತು. ಯಾವ ಗುಂಪಿನಿಂದ ಎಷ್ಟು ಜನ ಮರಳಿ ಬರಲಿಲ್ಲ ಎಂಬುದನ್ನೂ ಎಣಿಸಿದೆ, ಏಕೆಂದರೆ ಒಂದೇ ಗುಂಪಿನಿಂದ ಆಸಕ್ತಿಯಿಲ್ಲದವರು ಜಾರಿಕೊಂಡರೆ ಉಳಿದವರ ಜಾಣತನ ವಿಡಿಯೊದ್ದೆಂದು ಕಾಣುತ್ತದೆ. ಈಗ ತಯಾರಾಗುತ್ತಿರುವ ನಾಲ್ಕನೆಯ ಸುತ್ತಿನಲ್ಲಿ, ಹತ್ತನೆಯ ದಿನ ವಿಡಿಯೊದ ಇಪ್ಪತ್ತು ಸೆಕೆಂಡಿನ ತುಣುಕನ್ನು ಮತ್ತೆ ತೋರಿಸುವ ಒಂದು ಗುಂಪನ್ನು ಸೇರಿಸಿದ್ದೇನೆ. ಸಂದೇಶಗಳ ಅನುಪಾತವನ್ನೂ ಬದಲಿಸಿದ್ದೇನೆ: ನಲವತ್ತರಲ್ಲಿ ತಂತ್ರದವು ನಾಲ್ಕು ಮಾತ್ರ.