ಅಂಗಡಿಯ ಆ್ಯಪ್‌ಗೆ ಪ್ರೈವಸಿ ನೋಟಿಸ್ ಬರೆಯುವುದು ಹೇಗೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ದಿನಸಿ ಅಂಗಡಿ ಇದೆ ಅಂದುಕೊಳ್ಳಿ. ಮಂಡಕ್ಕಿ, ಬೇಳೆ, ಎಣ್ಣೆ ಮನೆಗೆ ತಲುಪಿಸಲು ಅವರು ಒಂದು ಆ್ಯಂಡ್ರಾಯ್ಡ್ ಆ್ಯಪ್ ಮಾಡಿಸಿದ್ದಾರೆ. ಪ್ಲೇ ಸ್ಟೋರ್‌ಗೆ ಹಾಕುವಾಗ ಪ್ರೈವಸಿ ಪಾಲಿಸಿಯ ಲಿಂಕ್ ಕೊಡಲೇಬೇಕು. ಆಗ ಬೇರೆ ಯಾವುದೋ ಆ್ಯಪ್‌ನ ಪಾಲಿಸಿಯನ್ನು ನಕಲು ಮಾಡಿ ಅಂಟಿಸುವವರೇ ಜಾಸ್ತಿ. ಹಾಗೆ ಮಾಡಬೇಡಿ. ನಿಮ್ಮ ಆ್ಯಪ್ ಏನು ತೆಗೆದುಕೊಳ್ಳುತ್ತದೆ ಎಂಬುದು ಆ ನಕಲಿಗೆ ಗೊತ್ತಿರುವುದಿಲ್ಲ.

ಮೊದಲು ಪಟ್ಟಿ ಮಾಡಿ

ಆ್ಯಪ್ ಮಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ್ಯಂಡ್ರಾಯ್ಡ್ ಸ್ಟುಡಿಯೊದಲ್ಲಿ `AndroidManifest.xml` ತೆರೆಸಿ, ಕೆಳಗಿರುವ `Merged Manifest` ಟ್ಯಾಬ್ ಒತ್ತಿಸಿ. ಅವರು ಬರೆದ ಅನುಮತಿಗಳಷ್ಟೇ ಅಲ್ಲ, ಆ್ಯಪ್‌ಗೆ ಸೇರಿಸಿದ ಲೈಬ್ರರಿಗಳು ತಾವಾಗಿ ತಂದ ಅನುಮತಿಗಳೂ ಅಲ್ಲಿ ಕಾಣುತ್ತವೆ. ಜಾಹೀರಾತೇ ಇಲ್ಲದ ಆ್ಯಪ್‌ನಲ್ಲೂ ಈ ಸಾಲು ಸಿಗಬಹುದು:

```
com.google.android.gms.permission.AD_ID
```

ಅದು ಜಾಹೀರಾತಿಗಾಗಿ ಫೋನನ್ನು ಗುರುತಿಸುವ ಸಂಖ್ಯೆಯನ್ನು ಓದುವ ಅನುಮತಿ. ಬೇಡವಾದರೆ ತೆಗೆಸಿ. ಉಳಿಸಿಕೊಂಡರೆ ನೋಟಿಸ್‌ನಲ್ಲಿ ಬರೆಯಲೇಬೇಕು.

ಯಾಕೆ ಬೇಕು ಎಂದು ಬರೆಯಿರಿ

ಪಟ್ಟಿಯ ಒಂದೊಂದು ಮಾಹಿತಿಯ ಎದುರೂ ಅದರಿಂದ ಆಗುವ ಕೆಲಸವನ್ನು ಬರೆಯಿರಿ. ‘ಸೇವೆ ಉತ್ತಮಪಡಿಸಲು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸಾಮಾನು ತಂದ ಹುಡುಗ ಬಾಗಿಲಲ್ಲಿ ನಿಂತು ನಿಮಗೆ ಫೋನ್ ಮಾಡಲು’ ಎಂದು ಬರೆದರೆ ತಿಳಿಯುತ್ತದೆ. ಹೀಗೆ ಬರೆಯಲು ಬರುತ್ತಿಲ್ಲ ಎಂದರೆ ಆ ಮಾಹಿತಿ ನಿಮಗೆ ಬೇಡ ಎಂದೇ ಅರ್ಥ. ಗ್ರಾಹಕರೇ ‘ರಾಂ ಅಂಡ್ ಕೋ ಸರ್ಕಲ್ ಹತ್ತಿರ, ಎರಡನೇ ಮನೆ’ ಎಂದು ವಿಳಾಸ ಬರೆಯುತ್ತಾರೆ, ಅಲ್ವಾ? ಹಾಗಿದ್ದ ಮೇಲೆ ಇಡೀ ದಿನ ಅವರ ಲೊಕೇಶನ್ ಯಾಕೆ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಇಂಥ ಒಂದು ಉದಾಹರಣೆ ಇದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ. ಬಳಸುವವರು ಒಪ್ಪಿದರೂ ಆ ಪಟ್ಟಿಯ ಮಟ್ಟಿಗೆ ಒಪ್ಪಿಗೆ ನಿಲ್ಲುವುದಿಲ್ಲ, ಏಕೆಂದರೆ ಆ ಕೆಲಸಕ್ಕೆ ಪಟ್ಟಿ ಬೇಕಿಲ್ಲ.

ಎಷ್ಟು ದಿನ ಇಡುತ್ತೀರಿ?

ಎಲ್ಲರೂ ಜಾರಿಕೊಳ್ಳುವ ಜಾಗ ಇದು. ‘ಅಗತ್ಯವಿರುವವರೆಗೆ’ ಎಂದು ಬರೆದು ಮುಗಿಸುತ್ತಾರೆ. ಗ್ರಾಹಕರಿಗೆ ಬೇಕಿರುವುದು ತಾರೀಕು ಅಥವಾ ಲೆಕ್ಕ.

ಎಲ್ಲ ಮಾಹಿತಿಗೂ ಒಂದೇ ಅವಧಿ ಹಾಕಲು ಬರುವುದಿಲ್ಲ. ಬಿಲ್ ತೆಗೆದುಕೊಳ್ಳಿ. ಜಿಎಸ್‌ಟಿ ನೋಂದಣಿ ಇರುವ ಅಂಗಡಿ, ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. 2025-26ರ ಬಿಲ್ ಆದರೆ ಕೊನೆಯ ದಿನ 2026ರ ಡಿಸೆಂಬರ್ 31. ಅಂದರೆ 2032ರ ಡಿಸೆಂಬರ್ 31ರವರೆಗೆ ಬಿಲ್ ಇರಲೇಬೇಕು. ಗ್ರಾಹಕರು ಖಾತೆ ಅಳಿಸಿದರೂ ಅದು ಹೋಗುವುದಿಲ್ಲ.

ವಿಳಾಸ ಮತ್ತು ಫೋನ್ ನಂಬರಿನ ಲೆಕ್ಕ ಬೇರೆ. 2025ರ ನವೆಂಬರ್‌ನಲ್ಲಿ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಪ್ರಕಟವಾದವು. ನೋಟಿಸ್ ಮತ್ತು ಅವಧಿಯ ಭಾಗ ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ. ಬಳಸಿದ ಮಾಹಿತಿಯನ್ನೂ ಅದರ ಲಾಗ್‌ಗಳನ್ನೂ ಕನಿಷ್ಠ ಒಂದು ವರ್ಷ ಇಡಬೇಕು ಎಂದು ಅವು ಹೇಳುತ್ತವೆ. ಹಾಗಾಗಿ ‘ಅಳಿಸಿ ಒತ್ತಿದ ಕ್ಷಣವೇ ಎಲ್ಲ ಹೋಗುತ್ತದೆ’ ಎಂದು ಸುಮ್ನೆ ಮಾತು ಕೊಡಬೇಡಿ.

ನಮ್ಮ ಅಂಗಡಿಯ ನೋಟಿಸ್ ಹೀಗಿರಬಹುದು:

‘ನಿಮ್ಮ ಹೆಸರು, ಫೋನ್ ನಂಬರ್, ವಿಳಾಸ ತೆಗೆದುಕೊಳ್ಳುತ್ತೇವೆ. ಸಾಮಾನು ತಲುಪಿಸಲು ಮಾತ್ರ ಬಳಸುತ್ತೇವೆ. ನಿಮ್ಮ ಕಡೆಯ ಆರ್ಡರ್ ಆಗಿ ಒಂದು ವರ್ಷಕ್ಕೆ ಅಳಿಸುತ್ತೇವೆ. ಬ್ಯಾಕಪ್‌ನಿಂದ ಹೋಗಲು ಇನ್ನೂ 30 ದಿನ ಬೇಕು. ಬಿಲ್ ಮತ್ತು ಅದರಲ್ಲಿರುವ ಹೆಸರನ್ನು ಜಿಎಸ್‌ಟಿ ಕಾನೂನಿನಂತೆ 72 ತಿಂಗಳ ಅವಧಿ ಮುಗಿಯುವವರೆಗೆ ಇಡುತ್ತೇವೆ. ಕಾಂಟ್ಯಾಕ್ಟ್, ಫೋಟೊ, ಲೊಕೇಶನ್ ತೆಗೆದುಕೊಳ್ಳುವುದಿಲ್ಲ.’

ಇದರ ಕೆಳಗೆ ಮೂರು ದಾರಿ ಕೊಡಿ: ಒಪ್ಪಿಗೆ ವಾಪಸ್ ಪಡೆಯಲು, ಮಾಹಿತಿ ತಿದ್ದಿಸಲು ಅಥವಾ ಅಳಿಸಲು, ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಲು. ನೋಟಿಸನ್ನು ಕನ್ನಡದಲ್ಲೂ ಓದುವ ಆಯ್ಕೆ ಇರಬೇಕು. ಇದೂ ಕಾಯ್ದೆಯ ಮಾತೇ.

ಬರೆದದ್ದು ನಿಜವೇ ನೋಡಿ

ಒಂದು ಟೆಸ್ಟ್ ನಂಬರಿನಿಂದ ಆರ್ಡರ್ ಮಾಡಿ. ಡೇಟಾಬೇಸಿನಲ್ಲಿ ಅದರ ತಾರೀಕನ್ನು ಒಂದು ವರ್ಷಕ್ಕಿಂತ ಹಿಂದಕ್ಕೆ ತಿದ್ದಿಸಿ. ಹಳೆಯದನ್ನು ಅಳಿಸುವ ಪ್ರೋಗ್ರಾಂ ಓಡಿಸಿ, ಆಮೇಲೆ ಆ ನಂಬರ್ ಹುಡುಕಿ. ಎಷ್ಟೋ ಸಲ ಗ್ರಾಹಕರ ಪಟ್ಟಿಯಿಂದ ಹೋಗಿರುತ್ತದೆ, ಆರ್ಡರ್ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಇನ್ನೊಂದು ಜಾಗ ಡೆಲಿವರಿ ಹುಡುಗರ ವಾಟ್ಸ್ಆ್ಯಪ್ ಗುಂಪು. ವಿಳಾಸಗಳನ್ನು ಅಲ್ಲಿಗೆ ಕಳಿಸುತ್ತಿದ್ದರೆ ಸರ್ವರ್‌ನಲ್ಲಿ ಅಳಿಸಿಯೂ ಪ್ರಯೋಜನವಿಲ್ಲ, ಅವು ಆ ಹುಡುಗರ ಫೋನುಗಳಲ್ಲಿ ಇದ್ದೇ ಇರುತ್ತವೆ. ಆ ಗುಂಪನ್ನು ನಿಲ್ಲಿಸಿ, ವಿಳಾಸ ಆ್ಯಪ್‌ನಲ್ಲೇ ಕಾಣುವಂತೆ ಮಾಡಿಸಿದ ಮೇಲೆ ನೋಟಿಸ್ ಪ್ರಕಟಿಸಿ.