‘ಅಂತೆ’ ಕಂಡರೆ ಉಪಮೆ ಎನ್ನುವುದನ್ನು ಬಿಡಿಸಿದ ಬಗೆ: ನನ್ನ ಅನುಭವ

ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು, ಅಲಂಕಾರದ ಲಕ್ಷಣವನ್ನು ಬಾಯಿಪಾಠ ಮಾಡಿಸದೆಯೇ ಮಕ್ಕಳಿಂದ ಸರಿಯಾದ ಹೆಸರು ಹೇಳಿಸಬಹುದು ಎಂದಾಗ ಸಹೋದ್ಯೋಗಿಗಳು ನಂಬಲಿಲ್ಲ. ಕಳೆದ ವರ್ಷದ ಹತ್ತನೆಯ ತರಗತಿ ಅದನ್ನು ಸಾಧಿಸಿ ತೋರಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು, ಪಠ್ಯದ ಉದಾಹರಣೆಗಳನ್ನು ಅಚ್ಚು ಹಾಕಿಸಿ ಲ್ಯಾಮಿನೇಟ್ ಮಾಡಿಸಿದ ಕಾರ್ಡುಗಳಿಗೆ ಸುಮಾರು 1,500 ರೂಪಾಯಿ ಹೋಗಿತ್ತು. ಮಕ್ಕಳು ಕಾರ್ಡು ತೆಗೆದ ಕೂಡಲೇ ಉತ್ತರ ಹೇಳುತ್ತಿದ್ದರು. ಹೊಸ ಸಾಲು ಕೊಟ್ಟರೆ ತಡವರಿಸುತ್ತಿದ್ದರು. ಅವರು ಕಲಿತದ್ದು ಆ ಪದ್ಯಗಳನ್ನೇ ಹೊರತು ಅಲಂಕಾರವನ್ನಲ್ಲ.

ಆಮೇಲೆ ಒಂದೇ ವಿಷಯವನ್ನು ಹಲವು ಅಲಂಕಾರಗಳಲ್ಲಿ ನಾನೇ ಕಟ್ಟಿಕೊಡಲು ತೊಡಗಿದೆ. ಮೊದಲ ಪದ್ಯವಿದು:

ಕೆರೆಯ ನೀರು ಕನ್ನಡಿಯೊಲು
ತಿಳಿದು ಹೊಳೆದು ನಿಂತಿತಲ್ಲಿ

ಇಲ್ಲಿ ನೀರು ಉಪಮೇಯ, ಕನ್ನಡಿ ಉಪಮಾನ, ‘ಒಲು’ ಉಪಮಾವಾಚಕ, ತಿಳಿದು ಹೊಳೆಯುವುದು ಸಮಾನಧರ್ಮ; ನಾಲ್ಕೂ ಇರುವುದರಿಂದ ಪೂರ್ಣೋಪಮೆ. ‘ಕೆರೆಯ ನೀರೇ ಕನ್ನಡಿ’ ಎಂದರೆ ಎರಡಕ್ಕೂ ಭೇದವಿಲ್ಲವಾಗಿ ರೂಪಕವಾಗುತ್ತದೆ. ‘ಬಾನು ತನ್ನ ಮೊಗ ನೋಡಿಕೊಳ್ಳಲು ನೆಲದಲ್ಲಿ ಕನ್ನಡಿಯನ್ನಿರಿಸಿತೋ ಎಂಬಂತೆ ಕೆರೆ ಹೊಳೆಯಿತು’ ಎಂದಾಗ ಮಾತ್ರ ಹೆಚ್ಚಿನವರು ‘ಅಂತೆ’ಯನ್ನು ಕಂಡು ಉಪಮೆ ಎಂದೇ ಬರೆಯುತ್ತಾರೆ. ಆಗ ನಾನು ಕೇಳುವುದು ಒಂದೇ ಪ್ರಶ್ನೆ: ಬಾನು ಕನ್ನಡಿ ಇರಿಸಿದ್ದು ನಡೆದ ಸಂಗತಿಯೋ, ಕವಿಯ ಊಹೆಯೋ? ಊಹೆ ಎಂಬ ಉತ್ತರ ಬಂದರೆ ಉತ್ಪ್ರೇಕ್ಷೆ ತಾನಾಗಿ ಹೊರಬೀಳುತ್ತದೆ. ಜೊತೆಗೆ ‘ಗುರುಗಳು ಹೇಳಿದಂತೆ ನಡೆದನು’ ಎಂಬ ವಾಕ್ಯವನ್ನೂ ಸೇರಿಸುತ್ತೇನೆ. ಅದರಲ್ಲಿ ಹೋಲಿಸುವ ಎರಡು ವಸ್ತುಗಳೇ ಇಲ್ಲದ್ದರಿಂದ ಉಪಮೆಗೆ ಎಡೆಯಿಲ್ಲ. ಈ ಸಾಲುಗಳನ್ನು ಯಾವ ಅನುಕ್ರಮದಲ್ಲಿ ಕೊಡಬೇಕೆಂಬುದರಲ್ಲಿಯೇ ಅರ್ಧ ಫಲವಿದೆ, ಆದರೆ ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಇಡೀ ವರ್ಷದ ಜೆರಾಕ್ಸ್ ಖರ್ಚು 300 ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಒಂದು ಗುಂಪಿಗೆ ಮೊದಲು ಪ್ರಸ್ತಾರ ಹಾಕಿಸಿ, ನಂತರ ಅಲಂಕಾರ ಕೇಳಿದೆ. ಮೇಲಿನ ಸಾಲು ಮೂರು ಮಾತ್ರೆಯ ಗಣಗಳಾಗಿ ‘ಕೆರೆಯ | ನೀರು | ಕನ್ನ | ಡಿಯೊಲು’ ಎಂದು ಒಡೆಯುತ್ತದೆ. ಕನ್ನಡಿಯೇ ಎರಡು ಹೋಳಾದ ಮೇಲೆ ಉಪಮಾನವನ್ನು ಗುರುತಿಸುವುದು ಅವರಿಗೆ ಕಷ್ಟವಾಯಿತು. ಅಂದಿನಿಂದ ನನ್ನ ತರಗತಿಯಲ್ಲಿ ಮೊದಲು ಅನ್ವಯ, ಆಮೇಲೆ ಅಲಂಕಾರ, ಕೊನೆಗೆ ಪ್ರಸ್ತಾರ.

ಸುಮಾರು 40 ಮಕ್ಕಳಲ್ಲಿ ಹಿಂದೆ ಹತ್ತು ಹನ್ನೆರಡು ಮಂದಿ ಮಾತ್ರ ಹೊಸ ಪದ್ಯಕ್ಕೆ ಸರಿಯುತ್ತರ ಬರೆಯುತ್ತಿದ್ದರು. ವರ್ಷದ ಕೊನೆಗೆ 30ನ್ನು ದಾಟಿದರು. ಇಷ್ಟು ಫಲವನ್ನು ನಮ್ಮ ಸುತ್ತಿನ ಶಾಲೆಗಳಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ವಾಚಕಪದವೇ ಇಲ್ಲದ ದೃಷ್ಟಾಂತಕ್ಕೂ ಅರ್ಥಾಂತರನ್ಯಾಸಕ್ಕೂ ಊಹೆಯ ಪ್ರಶ್ನೆ ಒದಗುವುದಿಲ್ಲ. ಅಲ್ಲಿ ಎರಡು ವಾಕ್ಯಗಳನ್ನು ಅಕ್ಕಪಕ್ಕ ಬರೆಸಿ, ಒಂದು ಸಾಮಾನ್ಯ ಮಾತಾಗಿ ಇನ್ನೊಂದು ವಿಶೇಷ ಸಂಗತಿಯಾಗಿದೆಯೇ, ಅಥವಾ ಎರಡೂ ಬಿಂಬ–ಪ್ರತಿಬಿಂಬಗಳಾಗಿ ನಿಂತಿವೆಯೇ ಎಂದು ಬೇರೆಯಾಗಿಯೇ ಕೇಳಿಸುತ್ತೇನೆ.